ಹುಬ್ಬಳ್ಳ್ಯಾಗ ಚೊಲೊ ಬಾಳಿದ ಜಿಐ ತಗಡು ಕುಮಟಾದಾಗ ಬಾಳ್ತೈತೇನು?

ಪ್ರಶ್ನೆ: ನಮ್ಮ ಹುಬ್ಬಳ್ಳಿ ಮನಿ ಮ್ಯಾಲಿನ ಜಿಐ ತಗಡು ಹದಿನೈದು ವರ್ಷ ಆದ್ರೂ ಗಟ್ಟಿ ಐತ್ರಿ. ಈಗ ಕುಮಟಾದಾಗ ಸಮುದ್ರದಿಂದ ಒಂದ್ ಕಿಲೋಮೀಟರ್ ಒಳಗ ಒಂದ್ ಶೆಡ್ ಕಟ್ಟಾಕತ್ತೇವಿ, ಅದ ತಗಡು ಹಾಕ್ಲೇನು, ಇಲ್ಲಾ ಕಲರ್ ಶೀಟ್ ತಗೊಳ್ಳೋದು ಚೊಲೊನ?

ಉತ್ತರ: ಕಲರ್ ಶೀಟ್ ತಗೋರಿ, ಆದ್ರ ಬಣ್ಣದ ಕೆಳಗಿನ ಕೋಟಿಂಗ್ ಅಲ್ಯೂಮಿನಿಯಂ-ಜಿಂಕ್ ಇರೋದನ್ನ ಕೇಳಿ ತಗೋರಿ. ನಮ್ಮ ಕಡೆ ಅಂಗಡ್ಯಾಗ ಎಲ್ಲಾರೂ ತಗಡಿನ ದಪ್ಪ ಕೇಳ್ತಾರ, ತುಕ್ಕು ತಡೆಯೋದು ಆ ದಪ್ಪ ಅಲ್ರೀ, ಮ್ಯಾಲಿನ ಕೋಟಿಂಗ್. 120 ಗ್ರಾಂನ ಜಿಐ ಅಂದ್ರ ಒಂದು ಚದರ ಮೀಟರ್‌ಗೆ ಎರಡೂ ಬದಿ ಸೇರಿ 120 ಗ್ರಾಂ ಸತು, ಅಂದ್ರ ಒಂದು ಬದಿಗೆ ಬರೇ 8 ಮೈಕ್ರಾನ್ ಚಿಲ್ರೆ. ಹುಬ್ಬಳ್ಳಿ ಗಾಳ್ಯಾಗ ಸತು ವರ್ಷಕ್ಕ ಅರ್ಧ-ಮುಕ್ಕಾಲು ಮೈಕ್ರಾನ್ ಸವದ್ರ ಹತ್ತು ಹದಿನೈದು ವರ್ಷ ನಡಿತೈತಿ, ಕಡಲ ದಂಡ್ಯಾಗ ಅದ ಸತು ವರ್ಷಕ್ಕ 3-4 ಮೈಕ್ರಾನ್ ಹೋಗಬಹುದು, ಎರಡು ಮೂರು ವರ್ಷಕ್ಕ ಕೆಂಪು ತುಕ್ಕು ಕಾಣ್ತೈತಿ. ಉಪ್ಪು ಗಾಳ್ಯಾಗಿನ ತೇವ ಹೀರ್ಕೊಂಡು ತಗಡನ್ನ ಒಣಗಾಕ ಬಿಡಂಗಿಲ್ಲ, ಸತು ತಾನ ಕಟ್ಕೊಳ್ಳೋ ಕಾಪಾಡೋ ಪದರಾನೂ ಕರಗಿಸ್ತೈತಿ.

ಅಲ್ಯೂಮಿನಿಯಂ-ಜಿಂಕ್ ಕೋಟಿಂಗ್‌ನಾಗ ತೂಕದ ಲೆಕ್ಕದಾಗ 55% ಅಲ್ಯೂಮಿನಿಯಂ, ಸುಮಾರು 43% ಸತು, ಉಳಿದದ್ದು ಸಿಲಿಕಾನ್. ಇದು ಹಗುರ ಇರೋದಕ್ಕ 150 ಗ್ರಾಂದಾಗ ಒಂದ್ ಬದಿಗೆ 20 ಮೈಕ್ರಾನ್ ಸಿಗ್ತೈತಿ, ಸವೆಯೋದೂ ಬರೇ ಸತುಗಿಂತ ಭಾಳ ನಿಧಾನ. ಶೀಟಿನ ಹಿಂದ AZ150 ಅಂತ ಪ್ರಿಂಟ್ ಇದ್ರ ಇದ. ಬಣ್ಣ ಇದ್ದದ್ದೆಲ್ಲಾ ಇದ ಅಲ್ಲ, ಸಾದಾ ಜಿಐ ಮ್ಯಾಲೂ ಬಣ್ಣ ಹೊಡದು ಮಾರ್ತಾರ, ಅದಕ್ಕ ತಿರುವಿ ಹಾಕಿ ನೋಡ್ರಿ.

ಇದರ ವೀಕ್ ಪಾಯಿಂಟ್ ಕತ್ತರಿಸಿದ ಅಂಚು. ಜಿಐದಾಗ ಸತು ತಾನು ಸವದು ಅಂಚಿನ ಉಕ್ಕನ್ನ ಉಳಿಸ್ತೈತಿ, ಅಲ್ಯೂಮಿನಿಯಂ-ಜಿಂಕ್‌ನಾಗ ಆ ಶಕ್ತಿ ಕಡಿಮಿ, ಅದಕ್ಕ ಅಂಚಿನಿಂದ ಬಣ್ಣ ಉಬ್ಬಿ ಒಳಗ ಒಳಗ ಏಳ್ಕೋತ ಹೋಗ್ತೈತಿ. ಗ್ರೈಂಡರ್‌ನಿಂದ ಕೊಯ್ದ್ರಂತೂ ಅಂಚಿನ ಕೋಟಿಂಗ್ ಸುಟ್ಟು ಹೋಗ್ತೈತಿ. ಶೀಟ್ ಕತ್ರಿ ಬಳಸಾಕ ಹೇಳ್ರಿ, ಸೈಟ್‌ನಾಗ ಕತ್ತರಿಸಿದ ತುದಿ ಮ್ಯಾಲ ರಿಡ್ಜ್ ಕ್ಯಾಪ್ ಕೆಳಗ ಹೋಗ್ಲಿ, ಫ್ಯಾಕ್ಟರಿ ತುದಿ ನೀರು ಸುರಿಯೋ ಕಡೆ ಬರ್ಲಿ. ಡ್ರಿಲ್ ಹೊಡೆದ ಕಬ್ಬಿಣದ ಪುಡಿನ ಅವತ್ತ ಗುಡಿಸಿ ತಗೀರಿ, ಬಿಟ್ರ ಅಲ್ಲೇ ತುಕ್ಕಿನ ಕಲೆ ಬೀಳ್ತಾವ.

ಸಾದಾ ಸ್ಕ್ರೂ ಹಾಕಿದ್ರ ಶೀಟಿಗಿಂತ ಮೊದ್ಲ ಸ್ಕ್ರೂ ತುಕ್ಕು ಹಿಡಿದು ತೂತು ದೊಡ್ಡದಾಗ್ತೈತಿ. ಶೀಟ್ ಕಂಪನಿಯವ್ರು ಕಡಲ ತೀರಕ್ಕಂತ ಹೇಳಿದ ಕೋಟೆಡ್ ಸ್ಕ್ರೂನ ರಬ್ಬರ್ ವಾಷರ್ ಸಹಿತ ತಗೋರಿ. ಸ್ಟೇನ್‌ಲೆಸ್ ಸ್ಕ್ರೂ ಬ್ಯಾಡ್ರಿ, ಉಪ್ಪುನೀರು ಇದ್ದಲ್ಲಿ ಅದು ಸುತ್ತಲಿನ ಕೋಟಿಂಗ್‌ನ ತಿಂತೈತಿ.

ಇನ್ನೊಂದು, ಮಳಿ ಮ್ಯಾಲಿನ ಉಪ್ಪು ತೊಳಿತೈತಿ, ಸೂರಿನ ಕೆಳಗಿನ ಬದಿಗೆ ಮಳಿ ತಾಗಂಗಿಲ್ಲ. ಮಳಿಗಾಲ ಮುಗಿದ ಮ್ಯಾಲ ಜೂನ್ ತನಕ ಆಗಾಗ ಪೈಪಿನಿಂದ ಸಾದಾ ಬಾವಿ ನೀರು ಹೊಡೀರಿ, ಸೋಪು ಗೀಪು ಬ್ಯಾಡ. ಅಲೆ ಹನಿ ನೇರ ಬಂದು ಬೀಳೋ ಜಾಗಾ ಇದ್ರ, ವಾರಂಟಿ ಕೊಡ್ತೀರೇನು ಅಂತ ಬರವಣಿಗ್ಯಾಗ ಕೇಳ್ರಿ, ಅಲ್ಲಿಗೆ ಭಾಳ ಕಂಪನಿ ಕೊಡಂಗಿಲ್ಲ. ಅಂಥಾ ಕಡೆ ಪೂರ್ತಿ ಅಲ್ಯೂಮಿನಿಯಂ ಶೀಟು ಇಲ್ಲಾ ಮಂಗಳೂರು ಹಂಚು ಹಾಕ್ರಿ.