ಗೋಮಾಳದ ಸಗಣಿ ಗೊಬ್ಬರವಾಗುವುದು ನೆಲದೊಳಗೆ

ಹುಲ್ಲುಗಾವಲಿನಲ್ಲಿ ಹಸು ಹಾಕಿದ ಸಗಣಿ ಬಿದ್ದಲ್ಲೇ ಗೊಬ್ಬರವಾಗುತ್ತದೆ ಎಂಬ ನಂಬಿಕೆ ಕೃಷಿ ಬಲ್ಲವರಲ್ಲಿಯೂ ಇದೆ. ಇದು ಪೂರ್ತಿ ನಿಜವಲ್ಲ. ಸಗಣಿ ತಿಂದು ಬದುಕುವ ಸಗಣಿ ಹುಳುಗಳು ಅದನ್ನು ನೆಲದೊಳಗೆ ಹೂತರೆ ಅದರ ಸಾರ ಬೇರಿಗೆ ಸಿಗುತ್ತದೆ. ಬಿಸಿಲಿಗೆ ಒಡ್ಡಿಕೊಂಡ ಸಗಣಿ ಗುಪ್ಪೆಯ ಮೇಲೆ ಬೇಗನೆ ಗಟ್ಟಿ ತೊಗಟೆ ಕಟ್ಟುತ್ತದೆ. ಅದರಲ್ಲಿರುವ ಸಾರಜನಕದ ಒಂದಷ್ಟು ಪಾಲು ಅಮೋನಿಯಾ ಅನಿಲವಾಗಿ ಗಾಳಿಗೆ ಸೇರಿಹೋಗುತ್ತದೆ, ರಂಜಕವು ಒಣಗಿದ ನಾರಿನೊಳಗೆ ಸಿಕ್ಕಿಕೊಂಡು ಬೇರಿಗೆ ಎಟುಕದೆ ಉಳಿಯುತ್ತದೆ. ಗುಪ್ಪೆಯ ಕೆಳಗಿನ ಹುಲ್ಲು ಬೆಳಕಿಲ್ಲದೆ ಸಾಯುತ್ತದೆ, ಅಂಚಿನಲ್ಲಿ ಹುಲುಸಾಗಿ ಬೆಳೆದ ಹುಲ್ಲನ್ನು ದನಗಳು ಮೂಸಿ ಬಿಟ್ಟುಬಿಡುತ್ತವೆ. ಒಂದು ಹಸು ದಿನಕ್ಕೆ ಹತ್ತು ಸಲ ಸಗಣಿ ಹಾಕುತ್ತದೆ, ಪ್ರತಿ ಗುಪ್ಪೆಯೂ 25 ಸೆಂಟಿಮೀಟರ್ ಅಗಲವಿರುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು ಅರ್ಧ ಚದರ ಮೀಟರ್, ವರ್ಷಕ್ಕೆ 180 ಚದರ ಮೀಟರ್ ನೆಲ ಮುಚ್ಚುತ್ತದೆ. ದನಗಳು ಬಾಯಿಡದ ಅಂಚಿನ ಹುಲ್ಲು ಈ ಲೆಕ್ಕಕ್ಕೆ ಸೇರಿಲ್ಲ.

ಈ ಲೆಕ್ಕ ಆಸ್ಟ್ರೇಲಿಯಾದಲ್ಲಿ ಕಣ್ಣಿಗೆ ಕಾಣುವಂತೆಯೇ ನಡೆದುಹೋಯಿತು. 1788ರಲ್ಲಿ ಬ್ರಿಟಿಷರ ಮೊದಲ ಹಡಗುಗಳೊಂದಿಗೆ ದನಗಳು ಆ ಖಂಡಕ್ಕೆ ಬಂದವು. ಅಲ್ಲಿ ಸಗಣಿ ಹುಳುಗಳಿಗೇನೂ ಬರವಿರಲಿಲ್ಲ, ಆದರೆ ಅವು ಕಾಂಗರೂಗಳ ಒಣ ಹಿಕ್ಕೆಗೆ ಒಗ್ಗಿಕೊಂಡಿದ್ದವು. ದನದ ನೀರುನೀರಾದ ದೊಡ್ಡ ಗುಪ್ಪೆ ಅವುಗಳಲ್ಲಿ ಹೆಚ್ಚಿನವಕ್ಕೆ ಒಗ್ಗಲಿಲ್ಲ. ಗುಪ್ಪೆಗಳು ತಿಂಗಳುಗಟ್ಟಲೆ ಹಾಗೆಯೇ ಉಳಿದವು, ಅವುಗಳಲ್ಲಿ ಎರಡು ಬಗೆಯ ನೊಣಗಳು ಸೊಂಪಾಗಿ ಬೆಳೆದವು. ಒಂದು ಮನುಷ್ಯರ ಕಣ್ಣು ಮೂಗುಗಳಿಗೆ ಮುತ್ತುವ ಬುಷ್ ನೊಣ. ಇನ್ನೊಂದು ದನದ ಮೈಮೇಲೆಯೇ ಕುಳಿತು ರಕ್ತ ಹೀರುವ ಬಫಲೋ ನೊಣ.

1950ರ ದಶಕದ ಆರಂಭದಲ್ಲಿ ಹಂಗೇರಿಯಿಂದ ವಲಸೆ ಬಂದ ಕೀಟಶಾಸ್ತ್ರಜ್ಞ ಜಾರ್ಜ್ ಬೊರ್ನೆಮಿಸ್ಸಾ ಪಶ್ಚಿಮ ಆಸ್ಟ್ರೇಲಿಯಾದ ಹುಲ್ಲುಗಾವಲುಗಳಲ್ಲಿ ಈ ಒಣ ಗುಪ್ಪೆಗಳ ರಾಶಿಯನ್ನು ಕಂಡು, ದನದ ಸಗಣಿಗೆ ಒಗ್ಗಿದ ಹುಳುಗಳನ್ನು ಹೊರದೇಶಗಳಿಂದ ತರಬೇಕೆಂದು ಸೂಚಿಸಿದರು. ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್ಐಆರ್‌ಒ 1960ರ ದಶಕದ ಮಧ್ಯದಲ್ಲಿ ಈ ಯೋಜನೆಯನ್ನು ಕೈಗೆತ್ತಿಕೊಂಡಿತು. ಆಫ್ರಿಕಾದ ಹುಳುಗಳನ್ನು ಹಾಗೆಯೇ ತಂದರೆ ಜೊತೆಯಲ್ಲಿ ಕಾಲುಬಾಯಿ ಜ್ವರದಂತಹ ರೋಗಗಳೂ ಬರುವ ಅಪಾಯವಿತ್ತು. ಆದ್ದರಿಂದ ಹುಳುಗಳ ಬದಲು ಅವುಗಳ ಮೊಟ್ಟೆಗಳನ್ನು ಮಾತ್ರ ಆರಿಸಿ, ರೋಗಾಣು ಕೊಲ್ಲುವ ಫಾರ್ಮಲಿನ್‌ನಲ್ಲಿ ತೊಳೆದು ಕ್ಯಾನ್‌ಬೆರಾಕ್ಕೆ ಕಳುಹಿಸಲಾಗುತ್ತಿತ್ತು. ಅಲ್ಲಿ ಕೈಯಿಂದ ಸಗಣಿ ಉಂಡೆ ಕಟ್ಟಿ, ಪ್ರತಿಯೊಂದು ಮೊಟ್ಟೆಯನ್ನೂ ಒಂದೊಂದು ಉಂಡೆಯಲ್ಲಿ ಇರಿಸಿ ಮರಿ ಮಾಡಿಸುತ್ತಿದ್ದರು. ಇಷ್ಟು ತಾಳ್ಮೆಯಿಂದ ಬಿಡುಗಡೆ ಮಾಡಿದ ಪ್ರಭೇದಗಳು 43, ನೆಲೆ ನಿಂತವು 23.

ಮೊದಲ ಬಿಡುಗಡೆ 1960ರ ದಶಕದ ಕೊನೆಯಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡ್‌ನ ಟೌನ್ಸ್‌ವಿಲ್ ಬಳಿ ನಡೆಯಿತು. ಆ ಹುಳುವಿನ ಹೆಸರು ಆಂಥೋಫಗಸ್ ಗಜೆಲ್ಲಾ. ಸಗಣಿ ಹುಳುವೆಂದರೆ ಹಿಂಗಾಲಿನಿಂದ ಉಂಡೆ ಉರುಳಿಸುವ ಹುಳು ಎಂದೇ ಬಹಳ ಜನ ತಿಳಿದಿದ್ದಾರೆ, ಆದರೆ ಗಜೆಲ್ಲಾ ಉಂಡೆ ಉರುಳಿಸುವುದಿಲ್ಲ. ದನದ ಹುಲ್ಲುಗಾವಲಿನಲ್ಲಿ ಸಗಣಿ ಹೂಳುವ ಕೆಲಸದ ಬಹುಭಾಗವನ್ನು ಮಾಡುವುದು ಗಜೆಲ್ಲಾದಂತೆ ಗುಪ್ಪೆಯ ಕೆಳಗೆ ನೇರವಾಗಿ ಬಿಲ ತೋಡುವ ಹುಳುಗಳೇ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಈ ಹುಳು ವಾಸನೆ ಹಿಡಿದು ಹಾರಿಬಂದು, ಹಸಿ ಗುಪ್ಪೆಯೊಳಗೆ ನುಗ್ಗುತ್ತದೆ. ಬೆಳೆದ ಹುಳುವಿನ ಬಾಯಿಗೆ ನಾರನ್ನು ಅಗಿಯುವ ಶಕ್ತಿಯಿಲ್ಲ. ಅದು ಸಗಣಿಯನ್ನು ಹಿಂಡಿ, ಅದರ ರಸದಲ್ಲಿರುವ ಸೂಕ್ಷ್ಮಜೀವಿಗಳನ್ನೂ ಅತಿ ಸಣ್ಣ ಕಣಗಳನ್ನೂ ಮಾತ್ರ ಸೇವಿಸುತ್ತದೆ. ನಾರು ಮರಿಗಳ ಪಾಲು. ಗಂಡು ಹೆಣ್ಣು ಸೇರಿ ಬಿಲದೊಳಗೆ ಸಗಣಿ ಇಳಿಸುತ್ತವೆ, ಹೆಣ್ಣು ಅದನ್ನು ಒತ್ತಿ ಉಂಡೆ ಕಟ್ಟಿ, ಉಂಡೆಯ ಒಂದು ತುದಿಯಲ್ಲಿ ಸಣ್ಣ ಕೋಣೆ ಬಿಟ್ಟು ಅಲ್ಲಿ ಒಂದೇ ಒಂದು ಮೊಟ್ಟೆಯಿಟ್ಟು ಮುಚ್ಚುತ್ತದೆ. ಬೆಚ್ಚನೆಯ ತೇವದ ಮಣ್ಣಿನಲ್ಲಿ ಆ ಮೊಟ್ಟೆ ಒಂದು ತಿಂಗಳ ಆಸುಪಾಸಿನಲ್ಲಿ ಹುಳುವಾಗಿ ಹೊರಬರುತ್ತದೆ. ಮರಿ ತಿಂದು ಬಿಟ್ಟದ್ದೆಲ್ಲ ಬೇರುಗಳ ಮಟ್ಟದಲ್ಲಿಯೇ ಕೊಳೆಯುವುದರಿಂದ ಅಮೋನಿಯಾ ಗಾಳಿಗೆ ಹೋಗದೆ ಮಣ್ಣಿಗೆ ಅಂಟಿಕೊಳ್ಳುತ್ತದೆ, ಖಾಲಿ ಬಿಲಗಳ ಮೂಲಕ ಮಳೆನೀರು ಕೆಳಗಿಳಿಯುತ್ತದೆ. ಹುಳುಗಳು ಸಾಕಷ್ಟು ಸಂಖ್ಯೆಯಲ್ಲಿ ಬಂದರೆ ಒಂದೆರಡು ದಿನಗಳಲ್ಲಿ ಗುಪ್ಪೆಯಿದ್ದ ಜಾಗದಲ್ಲಿ ಒಣ ನಾರೂ ಹೊಸ ಮಣ್ಣಿನ ಗುಡ್ಡೆಗಳೂ ಮಾತ್ರ ಉಳಿಯುತ್ತವೆ.

ನೊಣದ ಕಥೆ ನಿರ್ಧಾರವಾಗುವುದು ಈ ಒಂದೆರಡು ದಿನಗಳಲ್ಲಿಯೇ. ಬಫಲೋ ನೊಣ ಸಗಣಿ ಬಿದ್ದ ಕ್ಷಣದಲ್ಲೇ ದನದ ಮೈಯಿಂದಿಳಿದು ಮೊಟ್ಟೆಯಿಟ್ಟು ಹಿಂದಿರುಗುತ್ತದೆ. ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ, ಮರಿಗೆ ಕೋಶವಾಗುವ ಮೊದಲು ನಾಲ್ಕೈದು ದಿನಗಳ ಹಸಿ ಸಗಣಿ ಬೇಕು. ಸಗಣಿ ಹುಳು ನೊಣದ ಮರಿಗಳನ್ನು ಬೇಟೆಯಾಡುವುದಿಲ್ಲ, ಅವುಗಳ ಕಾಲಡಿಯ ಊಟವನ್ನು ಕಸಿಯುತ್ತದೆ. ಉಳಿದ ಸಗಣಿ ಪುಡಿಯಾಗಿ ಒಣಗುತ್ತದೆ. ಬೇಟೆಯ ಕೆಲಸಕ್ಕೆ ಹುಳುವಿನ ಮೈಗಂಟಿ ಸವಾರಿ ಮಾಡುವ ಮ್ಯಾಕ್ರೋಕೀಲಿಸ್ ಜಾತಿಯ ನುಸಿಗಳಿವೆ. ಗುಪ್ಪೆ ಸೇರಿದೊಡನೆ ಅವು ಇಳಿದು ನೊಣದ ಮೊಟ್ಟೆಗಳನ್ನೂ ಎಳೆಯ ಮರಿಗಳನ್ನೂ ತಿನ್ನುತ್ತವೆ. ಫಾರ್ಮಲಿನ್‌ನಲ್ಲಿ ತೊಳೆದ ಮೊಟ್ಟೆಗಳೊಂದಿಗೆ ಇವು ಬರುವಂತಿರಲಿಲ್ಲ, ಹಾಗಾಗಿ ಇವುಗಳಲ್ಲಿ ಒಂದು ಪ್ರಭೇದವನ್ನು ಮುಂದೆ ದಕ್ಷಿಣ ಆಫ್ರಿಕಾದಿಂದ ಬೇರೆಯಾಗಿಯೇ ತರಿಸಬೇಕಾಯಿತು.

ಇಲ್ಲಿ ಒಂದು ಲೆಕ್ಕವನ್ನು ಮರೆಯಬಾರದು. ನೊಣದ ಮರಿಗಳು ಕಿಕ್ಕಿರಿದ ಗುಪ್ಪೆಯಲ್ಲಿ ಅರ್ಧದಷ್ಟು ಸತ್ತರೆ ನೊಣಗಳ ಸಂಖ್ಯೆ ಅರ್ಧಕ್ಕಿಳಿಯಬೇಕೆಂದಿಲ್ಲ, ಏಕೆಂದರೆ ಉಳಿದವಕ್ಕೆ ಹೆಚ್ಚು ಊಟ ಸಿಗುತ್ತದೆ. ಗುಪ್ಪೆ ಬಹುತೇಕ ಪೂರ್ತಿಯಾಗಿ, ಅದೂ ಬೇಗನೆ ನಾಶವಾದರೆ ಮಾತ್ರ ಫಲ ಕಾಣುತ್ತದೆ. ನೈಋತ್ಯ ಆಸ್ಟ್ರೇಲಿಯಾದಲ್ಲಿ ಬೇಸಿಗೆಯ ಬುಷ್ ನೊಣ ಗಮನಾರ್ಹವಾಗಿ ಇಳಿದರೂ ವಸಂತದ ನೊಣ ಇಳಿಯಲಿಲ್ಲ, ಏಕೆಂದರೆ ನೊಣಗಳು ಮೊದಲು ಬರುತ್ತಿದ್ದವು, ಹುಳುಗಳು ತಡವಾಗಿ ಏಳುತ್ತಿದ್ದವು. ಆ ಅಂತರವನ್ನು ತುಂಬಲೆಂದು 2010ರ ದಶಕದಲ್ಲಿ ಯುರೋಪಿನಿಂದ ವಸಂತಕಾಲದ ಹುಳುಗಳನ್ನು ತರಲಾಯಿತು. ಬಫಲೋ ನೊಣವಂತೂ ಇಂದಿಗೂ ಅಲ್ಲಿನ ದನಗಾಹಿಗಳನ್ನು ಕಾಡುತ್ತಿದೆ.

ಜಂತುಹುಳುಗಳ ವಿಷಯ ಇನ್ನೂ ಸೂಕ್ಷ್ಮ. ದನದ ಹೊಟ್ಟೆಯ ದುಂಡುಹುಳುಗಳ ಮೊಟ್ಟೆ ಸಗಣಿಯೊಂದಿಗೆ ಹೊರಬಿದ್ದು ಒಡೆದು, ಬೆಚ್ಚಗಿದ್ದರೆ ಒಂದು ವಾರದ ಸುಮಾರಿಗೆ ಸೋಂಕು ತಗುಲಿಸಬಲ್ಲ ಮೂರನೆಯ ಹಂತದ ಮರಿಗಳಾಗುತ್ತವೆ. ಈ ಹಂತದ ಮರಿ ಏನನ್ನೂ ತಿನ್ನದೆ, ಹಳೆಯ ಚರ್ಮವನ್ನೇ ಕವಚದಂತೆ ಹೊದ್ದು ಕಾಯುತ್ತದೆ. ತೊಗಟೆ ಕಟ್ಟಿದ ಗುಪ್ಪೆ ಅದಕ್ಕೆ ಒಳ್ಳೆಯ ಆಶ್ರಯ. ಮಳೆ ಬಂದು ಗುಪ್ಪೆ ನೆನೆದಾಗ ಅದು ಹೊರಬಂದು, ಹುಲ್ಲಿನ ಎಸಳಿನ ಮೇಲಿನ ತೆಳುವಾದ ನೀರಿನ ಪದರದಲ್ಲಿ ಮೇಲಕ್ಕೇರುತ್ತದೆ, ಮೇಯುವ ದನದ ಹೊಟ್ಟೆ ಸೇರುತ್ತದೆ. ಸಗಣಿ ಹುಳುಗಳು ಗುಪ್ಪೆಯನ್ನು ಮೊದಲ ದಿನಗಳಲ್ಲಿಯೇ ಪುಡಿಮಾಡಿದರೆ ಮೊಟ್ಟೆಯೂ ಎಳೆಯ ಮರಿಯೂ ಒಣಗಿ ಸಾಯುತ್ತವೆ. ಗಜೆಲ್ಲಾ ನೆಲೆಸಿದ ಮೇಲೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಡೆದ ಪ್ರಯೋಗಗಳಲ್ಲಿ, ಹುಳುಗಳಿದ್ದ ಗುಪ್ಪೆಗಳ ಸುತ್ತಲಿನ ಹುಲ್ಲಿನಲ್ಲಿ ಮರಿಗಳು ಬಹಳ ಕಡಿಮೆಯಾಗಿದ್ದವು. ಆದರೆ ಇದು ಒಣಹವೆಯ ಮಾತು. ಜಡಿಮಳೆಯಲ್ಲಿ ಕೆಲವೇ ಹುಳುಗಳು ಗುಪ್ಪೆಯನ್ನು ಅರೆಬರೆ ಕೆದಕಿ ಬಿಟ್ಟರೆ, ಒಳಗೆ ಗಾಳಿಯಾಡಿ, ತೇವವೂ ಉಳಿದು ಮರಿಗಳಿಗೆ ಅನುಕೂಲವೇ ಆಗಬಹುದು. ಮೇಲುಮೇಲೆ ಹೂತ ಸಗಣಿಯಿಂದಲೂ ಅವು ಹತ್ತಿ ಬರಬಲ್ಲವು.

ನಮ್ಮ ಹಳ್ಳಿಗಳಲ್ಲಿ ಕೊಟ್ಟಿಗೆಯ ಸಗಣಿ ತಿಪ್ಪೆಗೋ ಬೆರಣಿಗೋ ಹೋಗುತ್ತದೆ, ಹುಳುಗಳಿಗೆ ಉಳಿಯುವುದು ಗೋಮಾಳದ ಪಾಲು. ಅಲ್ಲಿ ಹುಳುಗಳಿವೆಯೇ ಎಂದು ತಿಳಿಯಲು ಎರಡು ದಿನ ಹಳೆಯ ಗುಪ್ಪೆಯನ್ನು ಕೋಲಿನಿಂದ ಮಗುಚಿದರೆ ಸಾಕು. ಅಡಿಯಲ್ಲಿ ಬೆರಳು ತೂರುವಷ್ಟಗಲದ ಬಿಲಗಳೂ ಪಕ್ಕದಲ್ಲಿ ಹೊಸ ಮಣ್ಣೂ ಕಂಡರೆ ಕೆಲಸ ನಡೆದಿದೆ. ತೊಗಟೆಯ ಕೆಳಗೆ ಹಸಿ ಸಗಣಿಯೂ ಮಿಜಿಗುಟ್ಟುವ ಬಿಳಿ ಮರಿಗಳೂ ಇದ್ದರೆ ನೊಣ ಗೆದ್ದಿದೆ. ಇತ್ತೀಚೆಗೆ ಜಂತುಹುಳು ಕೊಲ್ಲುವ ಐವರ್ಮೆಕ್ಟಿನ್ ಚುಚ್ಚುಮದ್ದು ಕೊಡಿಸಿದ ದನಗಳ ಸಗಣಿಯನ್ನು ಬೇರೆಯಾಗಿಯೇ ನೋಡಬೇಕು. ಆ ಔಷಧದ ಬಹುಪಾಲು ಸಗಣಿಯಲ್ಲಿಯೇ ಹೊರಬರುತ್ತದೆ, ಕೆಲವು ವಾರಗಳವರೆಗೂ ಅದರ ಅಂಶ ಉಳಿಯುತ್ತದೆ. ಅಂತಹ ಗುಪ್ಪೆಗೆ ಬೆಳೆದ ಹುಳುಗಳು ಬಂದು ಬಿಲ ತೋಡುತ್ತವೆ, ಉಂಡೆಯನ್ನೂ ಕಟ್ಟುತ್ತವೆ, ಆದರೆ ಒಳಗಿನ ಮರಿ ಸಾಯುತ್ತದೆ. ಆದ್ದರಿಂದ ಹಾನಿ ಆಗ ಗೊತ್ತಾಗದೆ ಮುಂದಿನ ಪೀಳಿಗೆಯಲ್ಲಿ ಕಾಣುತ್ತದೆ. ಹಿಂಡಿಗೆಲ್ಲ ಒಂದೇ ದಿನ ಮದ್ದು ಕೊಡಿಸುವ ಬದಲು ಪಶುವೈದ್ಯರಿಂದ ಸಗಣಿ ಪರೀಕ್ಷೆ ಮಾಡಿಸಿ, ಜಂತುಹುಳುವಿನ ಮೊಟ್ಟೆ ಹೆಚ್ಚಿರುವ ದನಗಳಿಗೆ ಮಾತ್ರ ಕೊಡಿಸಿದರೆ, ಅದೇ ಗೋಮಾಳದಲ್ಲಿ ಮದ್ದಿಲ್ಲದ ಗುಪ್ಪೆಗಳೂ ಹುಳುಗಳಿಗೆ ಸಿಗುತ್ತವೆ.