ಬಿಲ್ ಬುಕ್‌ನಲ್ಲಿರುವ ನಂಬರಿಗೆ ಆಫರ್ ಮೆಸೇಜ್ ಕಳಿಸಬಹುದಾ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಸೀರೆ ಅಂಗಡಿ. ನಾಲ್ಕು ವರ್ಷದ ಬಿಲ್ ಬುಕ್‌ಗಳಲ್ಲಿ ಸುಮಾರು 1,800 ಗ್ರಾಹಕರ ನಂಬರ್ ಇವೆ. ಎಲ್ಲಾ ಅವರೇ ಬರೆಸಿದ್ದು. ಯುಗಾದಿ ಸ್ಟಾಕ್ ಬಂದಿದೆ ಅಂತ ನನ್ನ ಮೊಬೈಲಿನಿಂದಲೇ ಇವರಿಗೆ ಎಸ್‌ಎಂಎಸ್ ಹಾಕಿದರೆ ತಪ್ಪಾ? ಡಿಎನ್‌ಡಿ ಹಾಕಿಸಿದವರನ್ನು ಬಿಟ್ಟು ಕಳಿಸಿದರೆ ಸರಿ ತಾನೆ?

ಉತ್ತರ: ನಿಮ್ಮ ಮೊಬೈಲಿನಿಂದ ಬೇಡ. ಡಿಎನ್‌ಡಿ ಇರಲಿ, ಇಲ್ಲದಿರಲಿ, ಮಾಮೂಲಿ ಹತ್ತು ಅಂಕಿಯ ನಂಬರಿನಿಂದ ವ್ಯಾಪಾರದ ಪ್ರಚಾರ ಮಾಡುವಂತಿಲ್ಲ.

ಡಿಎನ್‌ಡಿ ಇಲ್ಲದವರು ದೂರು ಕೊಡೋಕೆ ಆಗಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ನೋಂದಣಿ ಇಲ್ಲದೆ ಪ್ರಚಾರ ಮಾಡುವವರ ಮೇಲೆ ಈಗ ಯಾರು ಬೇಕಾದರೂ ದೂರು ಕೊಡಬಹುದು. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2018ರ ನಿಯಮಗಳಿಗೆ 2025ರ ಫೆಬ್ರವರಿಯಲ್ಲಿ ತಿದ್ದುಪಡಿ ತಂದು ಇದನ್ನು ಸಲೀಸು ಮಾಡಿತು. ಮೆಸೇಜ್ ಬಂದ ಏಳು ದಿನದೊಳಗೆ 1909ಕ್ಕೆ ದೂರು ಹೋದರೆ ಸಾಕು. ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಕಳಿಸಿದವರ ಮೇಲೆ ಕ್ರಮ ಶುರುವಾಗುತ್ತದೆ. ಮೊದಲ ಸಲ ತಪ್ಪು ಸಾಬೀತಾದರೆ 15 ದಿನ ಹೊರಹೋಗುವ ಕರೆ, ಮೆಸೇಜ್ ಬಂದ್. ಮತ್ತೆ ಮಾಡಿದರೆ ಒಂದು ವರ್ಷ ಕನೆಕ್ಷನ್ನೇ ಇಲ್ಲ. 1,800 ಜನರಲ್ಲಿ ಐದು ಜನ ಸಿಟ್ಟಾಗುವುದು ಕಷ್ಟವೇನಲ್ಲ, ಅಲ್ವಾ? ಆ ನಂಬರಿಗೇ ಅಂಗಡಿಯ ಯುಪಿಐ, ಬ್ಯಾಂಕ್ ಎಲ್ಲಾ ಜೋಡಿಸಿಕೊಂಡಿದ್ದರೆ ಸೀರೆ ಮಾರುವುದಕ್ಕಿಂತ ಅದನ್ನು ಸರಿ ಮಾಡಿಸುವುದೇ ದೊಡ್ಡ ಕೆಲಸವಾದೀತು.

ಇನ್ನು, ಡಿಎನ್‌ಡಿ ಇರುವವರನ್ನು ನೀವೇ ಆರಿಸಿ ತೆಗೆಯುವುದು ಹೇಗೆ? ಫೋನ್ ನೋಡಿ ಅದು ಗೊತ್ತಾಗಲ್ಲ. ಆ ಜರಡಿ ಹಿಡಿಯುವ ಕೆಲಸ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯೊಳಗೆ ನಡೆಯುತ್ತದೆ. ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಎಲ್ಲಕ್ಕೂ ಡಿಎಲ್‌ಟಿ ಪೋರ್ಟಲ್ ಇದೆ. ಒಂದರಲ್ಲಿ ಅಂಗಡಿಯ ದಾಖಲೆ ಕೊಟ್ಟು ನೋಂದಾಯಿಸಬೇಕು. ಆಮೇಲೆ ನಿಮ್ಮ ಹೆಡರ್, ಅಂದರೆ ಮೆಸೇಜಿನ ಮೇಲೆ ಕಾಣುವ ಕಳಿಸಿದವರ ಗುರುತು, ಮತ್ತು ಮೆಸೇಜಿನ ಒಕ್ಕಣೆ ಎರಡಕ್ಕೂ ಒಪ್ಪಿಗೆ ಪಡೆಯಬೇಕು. ನಂತರ ನೋಂದಾಯಿತ ಬಲ್ಕ್ ಎಸ್‌ಎಂಎಸ್ ಕಂಪನಿ ಮೂಲಕ ಕಳಿಸಬಹುದು. ಪ್ರಚಾರದ್ದಾದರೆ ಹೆಡರ್ ಕೊನೆಯಲ್ಲಿ `-P` ಅಂತ ಬರುತ್ತದೆ. ನಿಮ್ಮ ಇನ್‌ಬಾಕ್ಸ್ ತೆರೆದು ನೋಡಿ, ಎಷ್ಟೊಂದು ಸಿಗುತ್ತವೆ.

ಈ ದಾರಿಯಲ್ಲಿ ಹೋದರೆ ಪ್ರಚಾರ ತಡೆ ಹಾಕಿಸದವರಿಗೆ ಮೆಸೇಜ್ ಮುಟ್ಟುತ್ತದೆ. `START 0` ಅಂತ 1909ಕ್ಕೆ ಕಳಿಸಿ ಎಲ್ಲ ಪ್ರಚಾರ ತಡೆದವರಿಗೆ ಮುಟ್ಟಲ್ಲ. ಅವರಿಗೂ ಮುಟ್ಟಬೇಕಾದರೆ ಅವರು ನಿಮ್ಮ ಅಂಗಡಿಗೆ ಅಂತಲೇ ಸ್ಪಷ್ಟ ಒಪ್ಪಿಗೆ ಕೊಟ್ಟಿರಬೇಕು. ಅದು ಡಿಎಲ್‌ಟಿಯಲ್ಲೇ ದಾಖಲಾಗಬೇಕು. ಇದಕ್ಕೆ ಟ್ರಾಯ್ 2023ರಲ್ಲಿ ಡಿಜಿಟಲ್ ಒಪ್ಪಿಗೆಯ ಕ್ರಮ ತಂದಿದೆ. 127ರಿಂದ ಶುರುವಾಗುವ ಕೋಡಿನಿಂದ ಗ್ರಾಹಕರಿಗೆ ಕೋರಿಕೆ ಹೋಗುತ್ತದೆ, ಅವರು ಹೂಂ ಅಂದರೆ ಮಾತ್ರ ಲೆಕ್ಕ.

ಈಗ ಬಿಲ್ ಬುಕ್ ವಿಷಯಕ್ಕೆ ಬರೋಣ. "ಅವರೇ ಬರೆಸಿದ್ದು" ಅನ್ನುತ್ತೀರಿ. ನಿಜ, ಆದರೆ ಯಾತಕ್ಕೆ ಬರೆಸಿದ್ದು? ಬಿಲ್ಲಿಗೆ. ಫಾಲ್ಸ್ ಹಾಕಿಸಿದ ಸೀರೆ ರೆಡಿ ಆದಾಗ ತಿಳಿಸಲು. "ನಿಮ್ಮ ಸೀರೆ ರೆಡಿ ಇದೆ, ಬಂದು ತಗೊಳ್ಳಿ" ಅಂತ ಒಂದು ಫೋನ್ ಮಾಡಿದರೆ ಯಾರೂ ಬೇಜಾರಾಗಲ್ಲ, ಅದು ನಡೆಯುತ್ತಿರುವ ವ್ಯವಹಾರದ ಮಾತು. ಅದರ ಬಾಲಕ್ಕೆ "ಜೊತೆಗೆ ಯುಗಾದಿಗೆ 20% ರಿಯಾಯಿತಿ" ಅಂತ ಸೇರಿಸಿದ ಕೂಡಲೇ ಇಡೀ ಮೆಸೇಜ್ ಪ್ರಚಾರವಾಗುತ್ತದೆ.

ಹಳೇ ನಂಬರಿಗೆ ಇನ್ನೊಂದು ತೊಂದರೆ. ಪ್ರೀಪೇಯ್ಡ್ ಸಿಮ್ ಮೂರು ತಿಂಗಳು ಬಳಸದೆ ಬಿಟ್ಟರೆ ಬಂದಾಗಬಹುದು. ಆ ನಂಬರ್ ಮುಂದೆ ಬೇರೆಯವರಿಗೆ ಹೋಗುತ್ತದೆ. ನಾಲ್ಕು ವರ್ಷದ ಹಿಂದೆ ಕಾರಟಗಿಯ ಗಿರಾಕಿ ಬರೆಸಿದ್ದ ನಂಬರ್ ಇವತ್ತು ಯಾರ ಕೈಯಲ್ಲಿದೆಯೋ. ಇನ್ನು ನಮ್ಮ ಕಡೆ ಅಮ್ಮ ಅಂಗಡಿಗೆ ಬಂದು ಮಗನ ನಂಬರ್ ಬರೆಸುವುದು ಮಾಮೂಲು. ಮಗ ಬೆಂಗಳೂರಿನ ಪಿಜಿಯಲ್ಲಿ ಕೂತು ಸೀರೆ ಮೆಸೇಜ್ ನೋಡಿ ಸಿಟ್ಟಾಗುತ್ತಾನೆ. ದೂರು ಕೊಡುವುದೂ ಅವನೇ.

ಹಾಗಾದರೆ ಲಿಸ್ಟ್ ಮಾಡುವುದು ಹೇಗೆ? ಕೌಂಟರಿನಲ್ಲೇ, ಬಿಲ್ ಕೊಟ್ಟ ಮೇಲೆ, ಬೇರೆ ಚೀಟಿಯಲ್ಲಿ ಕೇಳಿ. ಬಿಲ್ ಮಾಡುವಾಗ ಕೇಳಿದರೆ ನಂಬರ್ ಕೊಡಲೇಬೇಕು ಅಂತ ಜನ ತಿಳಿಯುತ್ತಾರೆ. ಮಾರಾಟಕ್ಕೆ ನಂಬರ್ ಕಡ್ಡಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ತಿಳಿಸಿದೆ. ಚೀಟಿಯಲ್ಲಿ ಇಷ್ಟಿದ್ದರೆ ಸಾಕು:

*"ಹೊಸ ಸ್ಟಾಕ್ ಮತ್ತು ರಿಯಾಯಿತಿ ಬಗ್ಗೆ ಈ ಅಂಗಡಿಯವರು ತಿಂಗಳಿಗೆ ಎರಡಕ್ಕಿಂತ ಹೆಚ್ಚಿಲ್ಲದಂತೆ ನನಗೆ ಎಸ್‌ಎಂಎಸ್ ಕಳಿಸಬಹುದು. ಬೇಡವೆಂದಾಗ ನಿಲ್ಲಿಸಬೇಕು. ಈ ನಂಬರ್ ನನ್ನದೇ."*

ಕೆಳಗೆ ಹೆಸರು, ನಂಬರ್, ತಾರೀಖು, ಸಹಿ. ಟಿಕ್ ಹಾಕುವ ಚೌಕ ಖಾಲಿ ಇರಲಿ, ನೀವೇ ಮೊದಲೇ ಟಿಕ್ ಹಾಕಿ ಪ್ರಿಂಟ್ ಮಾಡಿಸಬೇಡಿ. "ಈ ನಂಬರ್ ನನ್ನದೇ" ಅನ್ನುವ ಸಾಲು ಬಿಡಬೇಡಿ, ಮಗನ ನಂಬರಿನ ರಗಳೆ ಅಲ್ಲೇ ಮುಗಿಯುತ್ತದೆ. ಈ ಚೀಟಿ ನಿಮ್ಮ ಕಡೆಯ ದಾಖಲೆ ಅಷ್ಟೆ. ಡಿಎನ್‌ಡಿ ದಾಟಿಸುವ ಶಕ್ತಿ ಅದಕ್ಕಿಲ್ಲ, ಅದಕ್ಕೆ ಮೇಲೆ ಹೇಳಿದ ಡಿಎಲ್‌ಟಿ ಒಪ್ಪಿಗೆಯೇ ಆಗಬೇಕು.

ಹೀಗೆ ಮಾಡಿದರೆ ಯುಗಾದಿ ಹೊತ್ತಿಗೆ ಲಿಸ್ಟಿನಲ್ಲಿ 1,800 ಹೆಸರು ಖಂಡಿತ ಇರಲ್ಲ. ಬಹುಶಃ ಇನ್ನೂರೂ ಇರಲ್ಲ. ನನ್ನ ಪ್ರಕಾರ ಅದೇ ಒಳ್ಳೇದು. ಸಂಖ್ಯೆ ಹೆಚ್ಚಿಸಲು ಜಾತ್ರೆ ಲಕ್ಕಿ ಡ್ರಾ ಡಬ್ಬಿ ಇಡುವ ಆಸೆ ಬರುತ್ತದೆ. ಗವಿಮಠದ ಜಾತ್ರೆ ಅಂದರೆ ಜನಕ್ಕೇನು ಕಡಿಮೆ? ಆದರೆ ಕೂಪನ್ ತುಂಬಿದವರಿಗೆ ಬೇಕಿದ್ದದ್ದು ಮಿಕ್ಸಿ, ನಿಮ್ಮ ಮೆಸೇಜ್ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಕೂಡ ಒಪ್ಪಿಗೆಗೆ ಷರತ್ತು ಕಟ್ಟಬಾರದು, ಯಾತಕ್ಕೆ ಅಂತ ನಿರ್ದಿಷ್ಟವಾಗಿ ಹೇಳಿರಬೇಕು ಅನ್ನುತ್ತದೆ. ಡ್ರಾ ಇಡಲೇಬೇಕಿದ್ದರೆ ಮೆಸೇಜ್ ಬೇಡ ಅಂದವರ ಕೂಪನ್ನೂ ಡಬ್ಬಿಗೆ ಬೀಳಲಿ. "ಕೊಪ್ಪಳ ಜಿಲ್ಲೆಯ ಒಂದು ಲಕ್ಷ ನಂಬರ್ ಕೊಡ್ತೀವಿ" ಅಂತ ಬರುವವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಯಾರಾದರೂ ಬೇಡ ಅಂದರೆ ಅವತ್ತೇ ತೆಗೆಯಿರಿ. ಅಂಗಡಿಗೆ ಬಂದು ಬಾಯಲ್ಲಿ ಹೇಳಿದರೂ ಅಷ್ಟೇ. ಅದಕ್ಕೊಂದು ಬೇರೆ ಪುಟ ಇಟ್ಟು ತಾರೀಖು ಬರೆಯಿರಿ, ಯಾಕೆಂದರೆ ಒಪ್ಪಿಗೆ ವಾಪಸ್ ತಗೊಂಡವರನ್ನು 90 ದಿನ ಮತ್ತೆ ಕೇಳುವಂತಿಲ್ಲ.

ವಾಟ್ಸಾಪ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಪ್ರಶ್ನೆ ಅದೇ ಇರುತ್ತದೆ. ಡಿಎನ್‌ಡಿ ಅಲ್ಲಿಗೆ ತಾಗಲ್ಲ. ಆದರೂ ವ್ಯಾಪಾರದ ಮೆಸೇಜಿಗೆ ಮುಂಚೆಯೇ ಒಪ್ಪಿಗೆ ಬೇಕು ಅನ್ನುವುದು ವಾಟ್ಸಾಪ್‌ನದೇ ನಿಯಮ. ಜನ ರಿಪೋರ್ಟ್ ಹೊಡೆದರೆ ಅಕೌಂಟ್ ಹೋಗುತ್ತದೆ. ಚೀಟಿಗೆ ಅದಕ್ಕೂ ಒಂದು ಚೌಕ ಸೇರಿಸಿ, ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಗ್ರೂಪ್ ಮಾತ್ರ ಮಾಡಬೇಡಿ. ಸೀರೆ ಅಂಗಡಿಯ ಗ್ರೂಪ್ ಅಂದರೆ ಹೆಚ್ಚಿನವರು ಹೆಣ್ಣುಮಕ್ಕಳು. ಒಬ್ಬರ ನಂಬರ್ ಇನ್ನೊಬ್ಬರಿಗೆಲ್ಲ ಕಾಣುತ್ತದೆ. ಅದರಲ್ಲಿ ಯಾವನೋ ಒಬ್ಬ ರಾತ್ರಿ ಹತ್ತಕ್ಕೆ "ಹಾಯ್" ಅಂತ ಕಳಿಸಿದರೆ ಅವರ ಮನೆಯವರು ಮೊದಲು ಬರುವುದು ನಿಮ್ಮ ಅಂಗಡಿಗೇ.