ನಡಾವಳಿ ತಿದ್ದುವಾಗ ತೀರ್ಮಾನ ಯಾವುದು, ಬರೀ ಮಾತು ಯಾವುದು?

ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಗೀಚಿಕೊಂಡ ಟಿಪ್ಪಣಿಯನ್ನು ನಡಾವಳಿ ಮಾಡೋದು ಕಲಿಯುತ್ತಿದ್ದೇನೆ. ದಿನಾಂಕ, ಹಾಜರಾತಿ, ಕಾರ್ಯಸೂಚಿ ಎಲ್ಲರಿಗೂ ಗೊತ್ತಿರೋದೇ, ಬಿಡಿ. ಕಷ್ಟ ಇರೋದು ಇಂಥ ಪ್ಯಾರಾದಲ್ಲಿ:

"ಸಂಪ್ ಕ್ಲೀನ್ ಮಾಡಿಸಿ ಎಂಟು ತಿಂಗಳಾಯಿತು. ಹೋದ ಸಲದವರು ಸರಿಯಾಗಿ ಮಾಡಿಲ್ಲ ಎಂದು ಕೆಲವರು ಹೇಳಿದರು. ಬೇರೆಯವರಿಂದ ಕೊಟೇಶನ್ ತರಿಸಬೇಕು ಎಂದು ಎಲ್ಲರೂ ಒಪ್ಪಿದರು. ಖರ್ಚು 15,000 ದಾಟಬಾರದು. ಖಜಾಂಚಿ ನೋಡಿಕೊಳ್ಳುತ್ತೇನೆ ಎಂದರು. ಬೇಸಿಗೆಗೆ ಮುಂಚೆ ಆಗಲಿ."

ಇದನ್ನು ಓದಿದ ತಕ್ಷಣ "ಸಂಪ್ ಕೆಲಸ ಬೇರೆಯವರಿಗೆ ಕೊಡಲು ತೀರ್ಮಾನಿಸಲಾಯಿತು" ಅಂತ ಬರೆಯೋಣ ಅನಿಸುತ್ತದೆ. ಅದು ತಪ್ಪು. ಎಲ್ಲರೂ ಒಪ್ಪಿದ್ದು ಕೊಟೇಶನ್ ತರಿಸೋದಕ್ಕೆ ಮಾತ್ರ, ಕೆಲಸ ಕೊಡೋದಕ್ಕಲ್ಲ. ನಾವು ಹಾಗೆ ಬರೆದರೆ ಹಳೆಯವರ ಕೊಟೇಶನ್ನೇ ಕಡಿಮೆ ಬಂದಾಗಲೂ ಅವರಿಗೆ ಕೊಡೋ ಹಾಗಿಲ್ಲ, ಯಾಕಂದ್ರೆ ಸಭೆ ಮಾಡದ ತೀರ್ಮಾನ ಕಾಗದದ ಮೇಲೆ ಕೂತಿರುತ್ತದೆ. ಅದಕ್ಕೆ ನಾನು ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದಕ್ಕೆ ಸಭೆ ಹೂಂ ಅಂದಿದೆಯಾ, ಇಲ್ಲ ಒಬ್ಬರು ಹೇಳಿ ಸುಮ್ಮನಾದರಾ? 15,000ದ ಮಾತನ್ನು ಈ ಪ್ರಶ್ನೆಗೆ ಒಡ್ಡಿ ನೋಡಿ. ಯಾರು ಹೇಳಿದರು, ಯಾರು ಒಪ್ಪಿದರು, ಎರಡೂ ಇಲ್ಲ. ಹಾಗಾಗಿ ಅದು ತೀರ್ಮಾನದ ಸಾಲಿಗೆ ಬರೋದಿಲ್ಲ.

ಖಜಾಂಚಿಯ "ನೋಡಿಕೊಳ್ಳುತ್ತೇನೆ" ಕೂಡ ಹಾಗೇ. ದುಡ್ಡು ನೋಡಿಕೊಳ್ಳೋದಾ, ಕೊಟೇಶನ್ ತರಿಸೋದಾ? ಊಹೆ ಮಾಡಬೇಡಿ, ಅವತ್ತೇ ಫೋನ್ ಮಾಡಿ ಕೇಳಿ. "ಬೇಸಿಗೆಗೆ ಮುಂಚೆ" ಅನ್ನೋದಕ್ಕೂ ತಾರೀಖು ಕೇಳಿ. ಆದರೆ ಆಮೇಲೆ ಕೇಳಿ ತಿಳಿದದ್ದನ್ನು ಸಭೆಯಲ್ಲೇ ಆದದ್ದು ಅನ್ನೋ ಥರ ಬರೆಯಬಾರದು, ಪಕ್ಕದಲ್ಲಿ ಗುರುತು ಹಾಕಬೇಕು.

ತಿದ್ದಿದ ಮೇಲೆ:

ತೀರ್ಮಾನ: ಸಂಪ್ ಕ್ಲೀನಿಂಗ್‌ಗೆ ಬೇರೆಯವರಿಂದ ಕೊಟೇಶನ್ ತರಿಸುವುದು.
ಯಾರು: ಖಜಾಂಚಿ (ಸಭೆಯ ನಂತರ ಖಚಿತಪಡಿಸಿದ್ದು).
ಯಾವಾಗ: ಫೆಬ್ರವರಿ 10 (ಸಭೆಯ ನಂತರ ಖಚಿತಪಡಿಸಿದ್ದು).
ಬಾಕಿ: ಖರ್ಚಿನ ಮಿತಿ; ಕೆಲಸ ಯಾರಿಗೆ.
ಚರ್ಚೆ: ಹಿಂದಿನ ಕೆಲಸ ಸರಿಯಿಲ್ಲ ಎಂಬ ದೂರು ಬಂತು.

ಚರ್ಚೆ ಒಂದೇ ಸಾಲು ಸಾಕು, ಅದೂ ಕೊನೆಯಲ್ಲಿ.

ಟೈಪ್ ಮಾಡಿದ ಟಿಪ್ಪಣಿಯಾದರೆ ನನಗೆ ತುಂಬಾ ಇಷ್ಟವಾದ ಉಪಾಯ ಒಂದಿದೆ. Ctrl+F ಒತ್ತಿ "ಬೇಕು", "ಲಾಯಿತು", "ನೋಡೋಣ" ಅಂತ ಒಂದೊಂದಾಗಿ ಹುಡುಕಿ. ಮಾಡಬೇಕು, ತಿಳಿಸಲಾಯಿತು ಅಂತ ಮುಗಿಯೋ ವಾಕ್ಯದಲ್ಲಿ ಸಾಮಾನ್ಯವಾಗಿ ಮಾಡುವವರ ಹೆಸರೇ ಇರೋದಿಲ್ಲ. ಹೆಸರು ಸಿಕ್ಕರೆ "ಯಾರು" ಸಾಲಿಗೆ ಹಾಕಿ. ಸಿಗದಿದ್ದರೆ "ನಿಗದಿಯಾಗಿಲ್ಲ" ಅಂತ ಬರೆದು ಕಾರ್ಯದರ್ಶಿಗೆ ಕಳಿಸಿ. "ಕಮಿಟಿ" ಅಂತ ಮಾತ್ರ ತುಂಬಬೇಡಿ, ಆ ಕೆಲಸ ಮುಂದಿನ ಸಭೆಗೂ ಹಾಗೇ ಬರುತ್ತದೆ. ಇಬ್ಬರು ಒಪ್ಪಿಕೊಂಡಿದ್ದರೆ ಉತ್ತರ ಕೊಡಬೇಕಾದವರು ಯಾರು ಅಂತ ಕೇಳಿ ಅವರ ಹೆಸರು ಮೊದಲು ಬರೆಯಿರಿ.

ಕರಡನ್ನು ಎರಡು ಮೂರು ದಿನದೊಳಗೆ ಹಂಚಿದರೆ ಒಳ್ಳೆಯದು, ಯಾರು ಏನು ಒಪ್ಪಿದ್ದರು ಅನ್ನೋದು ಆಗ ಎಲ್ಲರಿಗೂ ನೆನಪಿರುತ್ತದೆ.